ವಾರ್ಷಿಕೋತ್ಸವದ ಸ್ವಾಗತ ಭಾಷಣ: ನಮ್ಮ ಶಾಲೆ, ತಿಕೋಟಾ

ಎಲ್ಲರಿಗೂ ನಮಸ್ಕಾರ.

ಹಿಂದೆ ನಿಂತವರು ದಯವಿಟ್ಟು ಮುಂದೆ ಬನ್ನಿ, ಖುರ್ಚಿಗಳು ಇನ್ನೂ ಖಾಲಿ ಇವೆ. ಅಜ್ಜ ಅಜ್ಜಿಯರು ಈ ಗೋಡೆಯ ಬದಿಗೆ ಕೂತುಕೊಳ್ಳಿ. ಹೊತ್ತು ಮುಳುಗಿದ ಮೇಲೆ ಥಂಡಿ ಜಾಸ್ತಿ ಆಗುತ್ತದೆ.

ನಾನು ಓದುತ್ತಿರುವ ಈ ಮಾತುಗಳು ನಮ್ಮ ಪ್ರಿನ್ಸಿಪಾಲ್ ಮೇಡಂ ಅವರವು. ಅವರು ಕೇರಳದವರು ಅಂತ ನಿಮಗೆಲ್ಲ ಗೊತ್ತೇ ಇದೆ. ಮಕ್ಕಳ ಹತ್ತಿರ ‘ಊಟ ಆತೇನು’ ಅಂತ ಚೆಂದ ಮಾತಾಡುತ್ತಾರೆ, ಆದರೆ ಕನ್ನಡ ಬರವಣಿಗೆ ಇನ್ನೂ ಕಲಿಯುತ್ತಿದ್ದಾರೆ. ಹೋದ ವಾರ ಇಂಗ್ಲಿಷಿನಲ್ಲಿ ಬರೆದ ಒಂದು ಹಾಳೆ ನನ್ನ ಕೈಗೆ ಕೊಟ್ಟರು. ‘ತಾಯಂದಿರಿಗೆ ಒಂದು ಮಾತೂ ತಿಳಿಯದೆ ಉಳಿಯಬಾರದು, ನೀವು ಕನ್ನಡದಲ್ಲಿ ಬರೆದು ಓದಿ’ ಅಂದರು.

ಹಾಳೆಯ ಮೊದಲ ಸಾಲಿನಲ್ಲೇ ‘ಸ್ಟೇಕ್‌ಹೋಲ್ಡರ್ಸ್’ ಎಂಬ ಪದ ಇತ್ತು. ‘ಪಾಲುದಾರರು’ ಅಂತ ಬರೆಯಬಹುದಿತ್ತು. ಹೊಲದ ಲೆಕ್ಕಕ್ಕೆ ಅದು ಸರಿ. ನಿಮ್ಮನ್ನು ಹಾಗೆ ಕರೆಯಲು ನನಗೆ ಮನಸ್ಸು ಬರಲಿಲ್ಲ. ‘ಯಾರನ್ನು ನೆನೆಸಿಕೊಂಡು ಬರೆದಿರಿ?’ ಎಂದು ಮೇಡಂ ಅವರನ್ನೇ ಕೇಳಿದೆ. ‘ಬೆಳಿಗ್ಗೆ ಮಗುವನ್ನು ಗೇಟಿಗೆ ಬಿಟ್ಟು, ಅದು ಕ್ಲಾಸಿನ ಒಳಗೆ ಹೋಗುವ ತನಕ ನಿಂತು ನೋಡುತ್ತಾರಲ್ಲ, ಅವರನ್ನು’ ಅಂದರು. ಆ ಪದದ ಮೇಲೆ ಗೆರೆ ಎಳೆದು ‘ಮನೆಮಂದಿ’ ಎಂದು ಬರೆದೆ. ಓದಿ ಹೇಳಿದಾಗ ಅವರು ತಲೆಯಾಡಿಸಿದರು.

ನಮ್ಮ ಶಾಲೆಯ ಮನೆಮಂದಿಯೇ, ನಿಮಗೆಲ್ಲ ತುಂಬು ಮನಸ್ಸಿನ ಸ್ವಾಗತ. ದ್ರಾಕ್ಷಿ ತೋಟದ ಕೆಲಸ ಬಿಟ್ಟು ಬಂದಿದ್ದೀರಿ. ಇವತ್ತಿನ ಪಗಾರ ಬಿಟ್ಟು ಬಂದವರೂ ಇದ್ದೀರಿ. ಮಗನೋ ಸೊಸೆಯೋ ಕಬ್ಬು ಕಡಿಯಲು ಬೇರೆ ಊರಿಗೆ ಹೋಗಿದ್ದಾರೆ ಅಂತ ಮೊಮ್ಮಗಳ ಕುಣಿತ ನೋಡಲು ತಾವೇ ಬಂದ ಅಜ್ಜಿಯರು ಈ ಸಾಲಿನಲ್ಲೇ ಕೂತಿದ್ದಾರೆ. ಅಮ್ಮಾ, ನಿಮಗೆ ವಿಶೇಷ ಸ್ವಾಗತ.

ಕಾರ್ಯಕ್ರಮದ ಅಧ್ಯಕ್ಷತೆ ವಹಿಸಿರುವ ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಗೌರವದ ಸ್ವಾಗತ. ಶಿಕ್ಷಣ ಇಲಾಖೆಯಿಂದ ಬಂದಿರುವ ಹಿರಿಯರಿಗೂ ಸ್ವಾಗತ.

ನಮ್ಮ ಮುಖ್ಯ ಅತಿಥಿ ಇದೇ ಶಾಲೆಯಲ್ಲಿ ಓದಿದವರು, ಈಗ ವಿಜಯಪುರದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾರೆ. ಮೇಡಂ ಅವರ ಹಾಳೆಯಲ್ಲಿ ‘ಹೆಸರಾಂತ ಹಳೆಯ ವಿದ್ಯಾರ್ಥಿನಿ’ ಎಂದಿದೆ. ಆ ಮಾತು ಅವರಿಗೆ ಸಲ್ಲುತ್ತದೆ. ನನಗೆ ನೆನಪಿರುವುದು ತೋಟದ ವಸ್ತಿಯಿಂದ ದಿನಾ ನಡೆದು ಬರುತ್ತಿದ್ದ ಹುಡುಗಿ. ಮಳೆಗಾಲದಲ್ಲಿ ಎರೆಮಣ್ಣು ಕಾಲಿಗೆ ಮೆತ್ತಿಕೊಳ್ಳುತ್ತದೆ ಅಂತ ಚಪ್ಪಲಿ ಕೈಯಲ್ಲಿ ಹಿಡಿದು ಬರುತ್ತಿದ್ದರು. ನಳದ ಹತ್ತಿರ ಕಾಲು ತೊಳೆದೇ ಒಳಗೆ ಬರುತ್ತಿದ್ದರು. ಬನ್ನಿ ತಂಗಿ, ಇದು ನಿಮ್ಮದೇ ಅಂಗಳ.

ಈ ವರ್ಷದ ಬಗ್ಗೆ ಎರಡು ಮಾತು. ಪೂರ್ತಿ ವರದಿಯನ್ನು ಆಮೇಲೆ ಓದುತ್ತಾರೆ.

ಎಂಟನೇ ತರಗತಿಯ ಮಕ್ಕಳು ಗೋಲಗುಮ್ಮಟಕ್ಕೆ ಹೋಗಿದ್ದರು. ಮೇಲಿನ ಗ್ಯಾಲರಿಯಲ್ಲಿ ಒಬ್ಬಳು ಗೋಡೆಗೆ ಬಾಯಿ ಹಚ್ಚಿ ಗೆಳತಿಯ ಹೆಸರು ಪಿಸುಗುಟ್ಟಿದಳು. ಆಚೆ ಬದಿಯಲ್ಲಿ ನಿಂತವಳಿಗೆ ಅದು ಕಿವಿಯಲ್ಲೇ ಹೇಳಿದಂತೆ ಕೇಳಿಸಿತು. ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. ವಾಪಸ್ ಬರುವಾಗ ಬಸ್ಸಿನಲ್ಲೇ 22/7ರಿಂದ ಗುಣಿಸಿ, ಸುತ್ತಳತೆ 138 ಮೀಟರ್ ಆಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದರು. ಗಣಿತದ ಮೇಷ್ಟ್ರಿಗೆ ಆಗಿದ್ದ ಖುಷಿ ನೋಡಬೇಕಿತ್ತು.

ಇವತ್ತು ಮಕ್ಕಳು ವಚನ ಹಾಡುತ್ತಾರೆ. ಬಸವಣ್ಣನವರು ಹುಟ್ಟಿದ ಬಾಗೇವಾಡಿ ನಮ್ಮ ಜಿಲ್ಲೆಯದೇ ಅಲ್ವಾ? ಆದರೆ ಇನ್ನೊಬ್ಬರನ್ನೂ ನೆನೆಯಬೇಕು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು. ಊರೂರು ತಿರುಗಿ, ಯಾರದೋ ಮನೆಯ ಮೂಲೆಯಲ್ಲಿದ್ದ ತಾಳೆಗರಿಗಳನ್ನು ಕೂಡಿಸಿದರು. ಅಚ್ಚು ಹಾಕಿಸುವುದಕ್ಕಾಗಿ ಇದ್ದ ಮನೆಯನ್ನೇ ಮಾರಿದರು. ಮಕ್ಕಳ ಬಾಯಲ್ಲಿ ಇವತ್ತು ವಚನ ಕೇಳುವಾಗ ಆ ಮನೆಯನ್ನೂ ಒಮ್ಮೆ ನೆನೆಸಿಕೊಳ್ಳಿ.

ಹಾಳೆಯಲ್ಲಿ ಕೊನೆಗೆ ‘ಸಪೋರ್ಟ್ ಸ್ಟಾಫ್’ ಎಂದಿತ್ತು. ನಾನು ಅವರನ್ನು ಕರೆಯುವ ಹಾಗೆಯೇ ಕರೆಯುತ್ತೇನೆ. ಬಸ್ಸಿನ ಕಾಕಾ, ಅಡುಗೆಮನೆಯ ಅಕ್ಕಂದಿರು, ಇವತ್ತು ಮುಂಜಾನೆ ಇಡೀ ಅಂಗಳ ಗುಡಿಸಿ ರಂಗೋಲಿ ಹಾಕಿದ ನಮ್ಮ ಆಯಾ, ನಿಮಗೂ ಸ್ವಾಗತ. ಕೆಲಸ ಅಲ್ಲಿಗೇ ಬಿಟ್ಟು ಬಂದು ಕೂತುಕೊಳ್ಳಿ, ಪಾತ್ರೆ ಆಮೇಲೆ ತೊಳೆಯೋಣ.

ಈಗ ಅತಿಥಿಗಳು ದೀಪ ಹಚ್ಚಲು ಮುಂದೆ ಬರಬೇಕೆಂದು ಕೇಳಿಕೊಳ್ಳುತ್ತೇನೆ. ಪರದೆ ಹಿಂದೆ ಇಣುಕುತ್ತಿರುವ ಒಂದನೇ ತರಗತಿಯ ಪುಟಾಣಿಗಳೇ, ಇನ್ನು ಐದೇ ನಿಮಿಷ. ಮೊದಲ ಹಾಡು ನಿಮ್ಮದೇ.