ಹಳೆಯ ಕಾವ್ಯ ಶಾಲೆಯಲ್ಲಿ ಕಡ್ಡಾಯವಾಗಿಯೇ ಇರಲಿ

ನಮ್ಮ ಮನೆಯಲ್ಲಿ ಪಠ್ಯಪುಸ್ತಕ ಬಿಟ್ಟರೆ ಬೇರೆ ಪುಸ್ತಕವೇ ಇರಲಿಲ್ಲ. ಒಂಬತ್ತನೇ ತರಗತಿಯಲ್ಲಿದ್ದಾಗ ಕನ್ನಡ ಮೇಷ್ಟ್ರು ಒಂದು ದಿನ ಬೋರ್ಡಿನ ಮೇಲೆ ಪಂಪನ ಸಾಲು ಬರೆದರು: ‘ನೆನೆಯದಿರಣ್ಣ ಭಾರತದೊಳಿಂ ಪೆರರಾರುಮನೊಂದೆ ಚಿತ್ತದಿಂ ನೆನೆವೊಡೆ ಕರ್ಣನಂ ನೆನೆಯ.’ ಅರ್ಥ ಹೇಳಲಿಲ್ಲ. “ಇದರಲ್ಲಿ ನಿಮಗೆ ಗೊತ್ತಿರೋ ಪದ ಯಾವುದು, ಹುಡುಕಿ” ಅಂದರು. ನಾವು ಒಂದೊಂದೇ ಹೆಕ್ಕಿದೆವು. ನೆನೆ ಗೊತ್ತು, ಅಣ್ಣ ಗೊತ್ತು, ಭಾರತ, ಒಂದೆ, ಚಿತ್ತ, ಕರ್ಣ ಎಲ್ಲವೂ ಗೊತ್ತು. ಉಳಿದದ್ದು ‘ಪೆರರ್’ ಮಾತ್ರ. “ಪ ಇದ್ದ ಕಡೆ ಹ ಹಾಕಿ ನೋಡಿ” ಅಂದರು. ಪಾಲು ಹಾಲಾಯಿತು, ಪೂ ಹೂವಾಯಿತು, ಪೋಗು ಹೋಗು ಆಯಿತು. ಪೆರರ್ ಅಂದರೆ ಹೆರವರು, ಬೇರೆಯವರು. ಭಾರತದಲ್ಲಿ ಇನ್ಯಾರನ್ನೂ ನೆನೆಯಬೇಡಪ್ಪ, ನೆನೆಯುವುದಾದರೆ ಕರ್ಣನನ್ನು ನೆನೆ. ಸಾವಿರ ವರ್ಷದ ಹಿಂದಿನ ಮಾತು ಹತ್ತು ನಿಮಿಷದಲ್ಲಿ ನಮ್ಮದಾಯಿತು.

ಆ ಪಾಠ ಐಚ್ಛಿಕವಾಗಿದ್ದಿದ್ದರೆ ನಾನು ಖಂಡಿತ ಆರಿಸಿಕೊಳ್ಳುತ್ತಿರಲಿಲ್ಲ. ಏನಿದೆ ಎಂದೇ ಗೊತ್ತಿಲ್ಲದ್ದನ್ನು ಯಾರು ಆರಿಸಿಕೊಳ್ಳುತ್ತಾರೆ? ಅದಕ್ಕೇ ನಾನು ಹೇಳುವುದು, ಹಳೆಯ ಶ್ರೇಷ್ಠ ಸಾಹಿತ್ಯ ಶಾಲೆಯಲ್ಲಿ ಕಡ್ಡಾಯವಾಗಿ ಉಳಿಯಬೇಕು. ಪ್ರಮಾಣ ಕಡಿಮೆ ಮಾಡಿ, ಕಲಿಸುವ ರೀತಿ ಬದಲಿಸಿ, ಪರೀಕ್ಷೆಯನ್ನಂತೂ ಬದಲಿಸಲೇಬೇಕು. ಆದರೆ ತೆಗೆದುಹಾಕಬೇಡಿ.

ಹಳೆಯದಾದ ಮಾತ್ರಕ್ಕೆ ಯಾವುದೂ ಶ್ರೇಷ್ಠ ಆಗಿಬಿಡುವುದಿಲ್ಲ. ತಾನು ಹುಟ್ಟಿದ ಕಾಲ ಮುಗಿದ ಮೇಲೂ ತಲೆಮಾರುಗಳು ಓದಿ, ಜಗಳವಾಡಿ, ಮತ್ತೆ ಬರೆದು ಉಳಿಸಿಕೊಂಡ ಕೃತಿಗಳನ್ನೇ ನಾನು ಇಲ್ಲಿ ಶ್ರೇಷ್ಠ ಅನ್ನುತ್ತಿದ್ದೇನೆ. ಕಡ್ಡಾಯ ಅಂದರೆ ಇಡೀ ಪಠ್ಯವನ್ನು ಅವುಗಳಿಂದ ತುಂಬಿಸುವುದು ಎಂದಲ್ಲ. ಪ್ರತಿ ಮಗುವಿಗೂ, ಪ್ರತಿ ವರ್ಷವೂ, ಸ್ವಲ್ಪವಾದರೂ ಸಿಗಬೇಕು ಅಂತ.

ನನ್ನ ಮೊದಲ ಕಾರಣ ಸಮಾನತೆ. ಪುಸ್ತಕದ ಕಪಾಟಿರುವ ಮನೆಯ ಮಗುವಿಗೆ ಶಾಲೆ ಕೊಡದಿದ್ದರೂ ಹಳೆಯ ಕಾವ್ಯ ಸಿಗುತ್ತದೆ. ಅಜ್ಜಿ ಓದಿ ಹೇಳುತ್ತಾರೆ, ಅಪ್ಪ ಕೊಂಡು ತರುತ್ತಾರೆ. ಕಪಾಟಿಲ್ಲದ ಮನೆಯ ಮಗುವಿಗೆ ಶಾಲೆಯೇ ಕಪಾಟು. ಶಾಲೆಯಲ್ಲಿ ‘ಬೇಕಾದವರು ಓದಲಿ’ ಎಂದು ಬಿಟ್ಟರೆ, ಓದುವವರು ಯಾರು ಅನ್ನುವುದು ಮೊದಲೇ ತೀರ್ಮಾನವಾಗಿರುತ್ತದೆ. ಮುಂದೆ ಭಾಷಣದಲ್ಲಿ, ಪತ್ರಿಕೆಯಲ್ಲಿ, ರಾಜಕೀಯದಲ್ಲಿ ಈ ಕಥೆಗಳನ್ನು ಎತ್ತಿಕೊಂಡು ಮಾತಾಡುವವರು ಒಂದು ಗುಂಪು, ಸುಮ್ನೆ ತಲೆಯಾಡಿಸುವವರು ಇನ್ನೊಂದು ಗುಂಪು ಆಗಿಬಿಡುತ್ತಾರೆ. ಆಯ್ಕೆಯ ಸ್ವಾತಂತ್ರ್ಯ ಅನ್ನುವ ಹೆಸರಿನಲ್ಲಿ ನಡೆಯುವ ಈ ಅನ್ಯಾಯ ನನಗೆ ತುಂಬಾ ನೋವು ಕೊಡುತ್ತದೆ.

ಎರಡನೆಯ ಕಾರಣಕ್ಕೆ ಮತ್ತೆ ಪಂಪನ ಹತ್ತಿರವೇ ಹೋಗಬೇಕು. 941ರಲ್ಲಿ ಅವನು ತನ್ನ ಭಾರತವನ್ನು ಬರೆದದ್ದು ಅರಿಕೇಸರಿ ರಾಜನ ಆಶ್ರಯದಲ್ಲಿ. ಆ ಕಾವ್ಯದಲ್ಲಿ ಅರಿಕೇಸರಿಯನ್ನು ಅರ್ಜುನನ ಜೊತೆ ಒಂದು ಮಾಡಿದ್ದಾನೆ. ಅಂದರೆ ಅರ್ಜುನನೇ ನಾಯಕ, ಹೊಗಳಬೇಕಾದದ್ದು ಅವನನ್ನೇ. ಅಂಥ ಕಾವ್ಯದಲ್ಲಿ, ಅರ್ಜುನನ ಬಾಣಕ್ಕೆ ಕರ್ಣ ಬಿದ್ದ ಹೊತ್ತಿಗೆ, ಕವಿ ನಮಗೆ ಹೇಳುವುದು ಏನು? ಕರ್ಣನನ್ನು ನೆನೆ! ಅನ್ನ ಕೊಟ್ಟ ರಾಜನ ಎದುರೇ ಆಡಿದ ಮಾತಿದು. ಗ್ರೀಕರ ಹೋಮರ್ ಕೂಡ ಹೀಗೇ ಮಾಡಿದ್ದಾನೆ. ಅವನ ಇಲಿಯಡ್ ಗ್ರೀಕರ ಗೆಲುವಿನ ಮೆರವಣಿಗೆಯಲ್ಲಿ ಮುಗಿಯುವುದಿಲ್ಲ. ಮುಗಿಯುವುದು ಶತ್ರುಪಕ್ಷದ ಹೆಕ್ಟರನ ಅಂತ್ಯಕ್ರಿಯೆಯಲ್ಲಿ. ಅದಕ್ಕೂ ಮುಂಚೆ ಹೆಕ್ಟರನ ಮುದಿ ತಂದೆ ರಾತ್ರಿ ಶತ್ರುವಿನ ಬಿಡಾರಕ್ಕೆ ಬಂದು, ತನ್ನ ಮಗನನ್ನು ಕೊಂದ ಕೈಗೇ ಮುತ್ತಿಟ್ಟು, ಹೆಣ ಕೊಡು ಎಂದು ಬೇಡಿಕೊಳ್ಳುತ್ತಾನೆ. ಕೊಂದವನೂ ಅಳುತ್ತಾನೆ. ಎದುರಾಳಿಗಾಗಿ ಅಳುವುದನ್ನು ಹದಿನಾಲ್ಕರ ವಯಸ್ಸಿನಲ್ಲಿ ಒಮ್ಮೆ ಕಲಿತ ಮಗು ಮುಂದೆ ಯಾರನ್ನಾದರೂ ಸುಲಭವಾಗಿ ದ್ವೇಷಿಸೀತೇ? ದ್ವೇಷಿಸಬಹುದು, ಓದಿನಿಂದ ಎಲ್ಲರೂ ಒಳ್ಳೆಯವರಾಗುತ್ತಾರೆ ಎಂದು ನಾನು ಹೇಳಲಾರೆ. ಆದರೆ ಆ ದ್ವೇಷಕ್ಕೆ ಒಳಗಿನಿಂದಲೇ ಒಂದು ತಡೆ ಇರುತ್ತದೆ.

ಭಾಷೆಯ ವಿಷಯ ಹೆಚ್ಚು ಹೇಳಬೇಕಿಲ್ಲ. ಪ ಹೋಗಿ ಹ ಆದದ್ದನ್ನು ಕಂಡ ಮಗುವಿಗೆ ತಾನು ದಿನಾ ಆಡುವ ಮಾತಿಗೂ ಒಂದು ವಯಸ್ಸಿದೆ ಎಂದು ತಿಳಿಯುತ್ತದೆ.

ಇನ್ನು ವಿರೋಧದ ಮಾತು. ಕಷ್ಟ, ಹಳತು, ಬೋರು ಅನ್ನುವ ದೂರುಗಳು ದೊಡ್ಡವಲ್ಲ. ಗಣಿತವೂ ಕಷ್ಟ, ಅದನ್ನು ಯಾರೂ ತೆಗೆಯಿರಿ ಅನ್ನುವುದಿಲ್ಲ. ನಿಜವಾಗಿ ಗಟ್ಟಿಯಾದ ಆಕ್ಷೇಪ ಬೇರೆ ಇದೆ. ಹಳೆಯ ಕಾವ್ಯಗಳಲ್ಲಿ ಹೆಣ್ಣನ್ನು ಪಣಕ್ಕಿಡುತ್ತಾರೆ, ಹುಟ್ಟಿನ ಕಾರಣಕ್ಕೆ ಮನುಷ್ಯನನ್ನು ಹೀಯಾಳಿಸುತ್ತಾರೆ. ಅವಮಾನ ಉಂಡ ಸಮುದಾಯದ ಮಗು ತರಗತಿಯಲ್ಲಿ ಕೂತು ಇದನ್ನು ‘ಶ್ರೇಷ್ಠ’ ಎಂದು ಬಾಯಿಪಾಠ ಮಾಡಬೇಕೇ? ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಕೇಳುವವರ ನೋವು ನಿಜ.

ಆದರೂ ನನ್ನ ಉತ್ತರ ತೆಗೆಯಬೇಡಿ ಎಂದೇ. ತೆಗೆದರೆ ಆ ಕಥೆಗಳೇನೂ ಸಾಯುವುದಿಲ್ಲ. ಸೀರಿಯಲ್ಲಿನಲ್ಲಿ, ಸಿನಿಮಾದಲ್ಲಿ, ಮೊಬೈಲಿನಲ್ಲಿ ಹರಿದಾಡುತ್ತಲೇ ಇರುತ್ತವೆ. ಪ್ರಶ್ನೆ ಕೇಳಲು ಅವಕಾಶ ಇರುವ ಜಾಗ ತರಗತಿ. ಜೂಜಿನ ಸಭೆಯಲ್ಲಿ ದ್ರೌಪದಿಯೇ ಒಂದು ಪ್ರಶ್ನೆ ಎತ್ತುತ್ತಾಳೆ: ತನ್ನನ್ನು ತಾನೇ ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿತ್ತು? ತುಂಬಿದ ಸಭೆಯಲ್ಲಿ ಹಿರಿಯರು ನೇರ ಉತ್ತರ ಕೊಡಲಾರದೆ ಹೋಗುತ್ತಾರೆ. ಆ ಪ್ರಶ್ನೆಯನ್ನು ಮೇಷ್ಟ್ರು ತರಗತಿಯ ಮುಂದಿಡಲಿ. ಅನ್ಯಾಯವನ್ನು ಹಳೆಯ ಕಾವ್ಯ ಬರೀ ತೋರಿಸುತ್ತದೆಯೋ, ಒಪ್ಪಿಕೊಳ್ಳುತ್ತದೆಯೋ ಎಂದು ಮಕ್ಕಳೇ ಜಗಳವಾಡಲಿ. ಕೆಲವು ಕಡೆ ಒಪ್ಪಿಕೊಳ್ಳುತ್ತದೆ ಎಂದೇ ತೀರ್ಮಾನವಾದರೂ ಪರವಾಗಿಲ್ಲ, ಅದೂ ಓದೇ ಅಲ್ವಾ?

ಜೊತೆಗೆ ಪಟ್ಟಿಯೂ ಅಗಲವಾಗಬೇಕು. ಅರಮನೆಯ ಕವಿಗಳಷ್ಟೇ ಹಳಬರಲ್ಲ. 12ನೇ ಶತಮಾನದ ವಚನಕಾರರಲ್ಲಿ ದೋಣಿ ನಡೆಸುವವರಿದ್ದರು, ಚಮ್ಮಾರರಿದ್ದರು, ಹೆಂಗಸರಿದ್ದರು. ಅಕ್ಕಮಹಾದೇವಿಯ ಮಾತು ಇವತ್ತಿನ ಹುಡುಗಿಗೆ ಹಳತು ಅನ್ನಿಸುವುದಿಲ್ಲ. ಇವರನ್ನು ಪಂಪನ ಪಕ್ಕದಲ್ಲೇ ಕೂರಿಸಿದರೆ, ಒಬ್ಬರಿಗೆ ಇನ್ನೊಬ್ಬರು ಉತ್ತರ ಕೊಡುತ್ತಾರೆ.

ವಿರೋಧಿಗಳ ಇನ್ನೊಂದು ಮಾತನ್ನು ಮಾತ್ರ ನಾನು ಪೂರ್ತಿ ಒಪ್ಪುತ್ತೇನೆ. ಕಡ್ಡಾಯ ಮಾಡಿ ನಾವು ಓದುವ ಆಸೆಯನ್ನೇ ಕೊಂದಿದ್ದೇವೆ. ಕವಿಯ ಕಾಲ, ಸ್ಥಳ, ಬಿರುದು. ಬಿಟ್ಟ ಪದ ತುಂಬಿ. ಸಂದರ್ಭ ಸಹಿತ ವಿವರಿಸಿ. ನನ್ನ ಜೊತೆ ಬೋರ್ಡಿನ ಆ ಸಾಲಿನಲ್ಲಿ ಪದ ಹುಡುಕಿದ ಗೆಳೆಯನೇ ಪರೀಕ್ಷೆಯ ಹಿಂದಿನ ರಾತ್ರಿ ಗೈಡು ಹಿಡಿದು ಉರು ಹೊಡೆದ. ಮರುವಾರ ಕೇಳಿದರೆ ಅವನಿಗೆ ಬಿರುದು ನೆನಪಿತ್ತು, ಕರ್ಣ ಮರೆತುಹೋಗಿದ್ದ. ಇದು ಕಾವ್ಯದ ತಪ್ಪಲ್ಲ, ಪ್ರಶ್ನೆಪತ್ರಿಕೆಯದು.

ಹಾಗಾಗಿ ನಾನು ಕೇಳುವುದು ಇಷ್ಟು. ವರ್ಷಕ್ಕೆ ಹತ್ತು ಪದ್ಯ ಓಡಿಸುವ ಬದಲು ಎರಡೋ ಮೂರೋ ಭಾಗ ಇಟ್ಟು, ತರಗತಿಯಲ್ಲೇ ಗಟ್ಟಿಯಾಗಿ, ನಿಧಾನವಾಗಿ ಓದಿಸಿ. ಹೊಸಗನ್ನಡದ ಅರ್ಥ ಪಕ್ಕದಲ್ಲೇ ಅಚ್ಚಾಗಲಿ. ಪರೀಕ್ಷೆಯಲ್ಲಿ ಪದ್ಯವನ್ನು ಮುಂದೆಯೇ ಕೊಟ್ಟು, ‘ಅರ್ಜುನನನ್ನು ಹೊಗಳಬೇಕಿದ್ದ ಕವಿ ಕರ್ಣನನ್ನು ನೆನೆ ಎಂದದ್ದು ಸರಿಯೇ? ನಿನ್ನ ಕಾರಣ ಬರೆ’ ಎಂದು ಕೇಳಿ. ಸರಿ ಎಂದವನಿಗೂ ಅಂಕ ಸಿಗಲಿ, ತಪ್ಪು ಎಂದು ವಾದಿಸಿದವಳಿಗೂ ಸಿಗಲಿ.