ಗೋಡೆಗೊಂದೇ ವೈರ್, ರೂಮಿನಲ್ಲಿ ಹನ್ನೊಂದು ಸಾಧನ: ಹಾಸ್ಟೆಲ್ಲಿಗೆ ಸ್ವಂತ ರೂಟರ್ ಹಚ್ಚಿಕೊಳ್ಳುವ ಬಗೆ

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನಮ್ಮ ರೂಮಿಗೆ ಮೂವರು. ಮೂರು ಲ್ಯಾಪ್‌ಟಾಪ್, ನಾಲ್ಕು ಫೋನ್ (ಒಬ್ಬನ ಹತ್ತಿರ ಎರಡಿವೆ, ಯಾಕೆ ಅಂತ ಕೇಳಬೇಡಿ), ಒಂದು ಟ್ಯಾಬ್, ಒಂದು ಪ್ರಿಂಟರ್, ಪ್ರಾಜೆಕ್ಟಿಗೆ ತಂದ ಎರಡು ಇಎಸ್‌ಪಿ32 ಬೋರ್ಡು. ಎಣಿಸಿದರೆ ಹನ್ನೊಂದು. ಗೋಡೆಯಲ್ಲಿ ನೆಟ್ ಪಾಯಿಂಟ್ ಮಾತ್ರ ಒಂದೇ. ಮೊದಲ ವರ್ಷ ಪೂರ್ತಿ "ಲೇ, ನಿಂದ ಆತಿಲ್ಲೋ, ವೈರ್ ಕೊಡ" ಅನ್ನುವುದರಲ್ಲೇ ಕಳೆಯಿತು. ಎರಡನೇ ವರ್ಷ ಮೂವರೂ ದುಡ್ಡು ಹಾಕಿ ರೂಟರ್ ತಂದೆವು. ಈಗ ಕೆಳಗಿನ ಫ್ಲೋರಿನ ಹುಡುಗರು ಒಬ್ಬೊಬ್ಬರೇ ಬಂದು ಕೇಳುತ್ತಿರುವುದರಿಂದ ಎಲ್ಲವನ್ನೂ ಒಂದೇ ಸಲ ಬರೆದುಬಿಡುತ್ತಿದ್ದೇನೆ.

ಅಂಗಡಿಗೆ ಹೋಗುವ ಮೊದಲು ವಾರ್ಡನ್ ಹತ್ತಿರ

ಕೆಲವು ಹಾಸ್ಟೆಲ್ಲುಗಳಲ್ಲಿ ಸ್ವಂತ ರೂಟರ್ ನಿಷೇಧ. ಅಲ್ಲಿ ಕದ್ದುಮುಚ್ಚಿ ಹಾಕಬೇಡಿ, ಸಿಕ್ಕಿಬೀಳುವುದು ಬಹಳ ಸುಲಭ. ರೂಟರ್ ಹಿಂದೆ ಯಾರು ಏನು ಮಾಡಿದರೂ ಹಾಸ್ಟೆಲ್ಲಿನ ದಾಖಲೆಯಲ್ಲಿ ಬೀಳುವುದು ಲಾಗಿನ್ ಆದವನ ಹೆಸರು ಮಾತ್ರ. ಪಕ್ಕದ ರೂಮಿನವನು ನಿಮ್ಮ ವೈಫೈಯಿಂದ ಮಾಡಿದ ಉಪದ್ವ್ಯಾಪಕ್ಕೂ ನೀವೇ ಉತ್ತರ ಕೊಡಬೇಕು. ನಾವು ಹೋಗಿ ಹೇಳಿದ್ದು ಇಷ್ಟೇ: "ಸರ್, ರೂಮಿನೊಳಗ ಒಂದ ರೂಟರ್ ಹಚಗೋತೀವ್ರಿ. ಪಾಸ್‌ವರ್ಡ್ ನಮ್ಮ ಮೂರ ಮಂದಿ ಬಿಟ್ರ ಯಾರಿಗೂ ಕೊಡಂಗಿಲ್ರಿ." ವಾರ್ಡನ್ ಒಪ್ಪಿದರು. ನೆಟ್‌ವರ್ಕ್ ನೋಡಿಕೊಳ್ಳುವ ಸರ್ ಮಾತ್ರ, "ವೈರ್ ಸರಿ ತೂತಿಗೆ ಹಾಕ್ರಿ, ಇಲ್ಲಂದ್ರ ಇಡೀ ಫ್ಲೋರ್ ಕೆಡಸ್ತೀರಿ" ಅಂದರು. ಆಗ ಅದು ತಮಾಷೆ ಅನಿಸಿತ್ತು.

ರೂಟರ್ ಮಾಡುವುದೇನು

ಹಳೆಯ ಊರುಗಳ ಅಗಸಿ ನೋಡಿದ್ದೀರಲ್ಲ, ಊರೊಳಗೆ ನೂರು ಮನೆ, ಹೊರಗಿನವರಿಗೆ ಕಾಣುವುದು ಒಂದು ಬಾಗಿಲು. ರೂಟರ್ ಅಂಥ ಅಗಸಿ. ಗೋಡೆಯ ಕಡೆಗೆ ಅದು ಒಂದೇ ಸಾಧನವಾಗಿ ನಿಲ್ಲುತ್ತದೆ, ಹಾಸ್ಟೆಲ್ ನೆಟ್‌ವರ್ಕ್ ಅದಕ್ಕೆ ಒಂದು ಐಪಿ ವಿಳಾಸ ಕೊಡುತ್ತದೆ. ಒಳಗಿನ ಹನ್ನೊಂದಕ್ಕೆ ರೂಟರ್ ತಾನೇ ಬೇರೆ ವಿಳಾಸ ಹಂಚುತ್ತದೆ. ಹೀಗೆ ವಿಳಾಸ ಹಂಚುವ ಕೆಲಸಕ್ಕೆ ಡಿಎಚ್‌ಸಿಪಿ ಎನ್ನುತ್ತಾರೆ. ನಿಮ್ಮ ಫೋನ್ ಒಂದು ಪುಟ ಕೇಳಿದರೆ, ಯಾರು ಕೇಳಿದರು ಎಂದು ಗುರುತು ಇಟ್ಟುಕೊಂಡು, ತನ್ನ ಹೆಸರಿನಲ್ಲಿ ಹೊರಗೆ ಕಳಿಸಿ, ಉತ್ತರ ಬಂದಾಗ ಸರಿಯಾದ ಫೋನಿಗೇ ಮುಟ್ಟಿಸುತ್ತದೆ. ಈ ಗುರುತಿನ ಆಟಕ್ಕೆ ನ್ಯಾಟ್ ಅಂತ ಹೆಸರು.

ಅಗಸಿಗೆ ಒಳಗಡೆ, ಹೊರಗಡೆ ಅಂತ ಎರಡಿವೆ. ರೂಟರ್ ವಿಷಯದಲ್ಲಿ ನಾನು ನೋಡಿದ ಮುಕ್ಕಾಲು ತಾಪತ್ರಯ ಈ ಎರಡನ್ನು ಅದಲುಬದಲು ಮಾಡಿದ್ದರಿಂದಲೇ ಆದದ್ದು.

ಆ ಒಂದು ತೂತು

ರೂಟರ್ ಹಿಂದೆ ಒಂದೇ ತರಹ ಕಾಣುವ ನಾಲ್ಕೈದು ತೂತುಗಳಿರುತ್ತವೆ. ಒಂದರ ಮೇಲೆ WAN ಅಥವಾ Internet ಎಂದಿರುತ್ತದೆ, ಸಾಮಾನ್ಯವಾಗಿ ಬಣ್ಣವೂ ಬೇರೆ. ಗೋಡೆಯ ವೈರ್ ಬರಬೇಕಾದ್ದು ಅಲ್ಲಿಗೆ, ಅಲ್ಲಿಗೆ ಮಾತ್ರ. ಉಳಿದವು LAN, ರೂಮಿನೊಳಗಿನ ಲ್ಯಾಪ್‌ಟಾಪ್, ಪ್ರಿಂಟರ್‌ಗೆ.

ದೀಪಾವಳಿಗೆ ರೂಮು ಗುಡಿಸುವಾಗ ನಾನು ವೈರ್ ಎಲ್ಲ ಕಿತ್ತು, ತಿರುಗಿ ಹಾಕುವಾಗ ಗೋಡೆಯದನ್ನು LANಗೆ ತುರುಕಿದೆ. ಆ ಹೊತ್ತಿನಲ್ಲಿ ನಾವ್ಯಾರೂ ನೆಟ್ ಬಳಸುತ್ತಿರಲಿಲ್ಲ, ಹಾಗಾಗಿ ಗೊತ್ತೇ ಆಗಲಿಲ್ಲ. ಅರ್ಧ ಗಂಟೆಯೊಳಗೆ ಕಾರಿಡಾರಿನಲ್ಲಿ ಗದ್ದಲ: "ಯಾರದೂ ನೆಟ್ ಬರವಲ್ದು!" ಆದದ್ದೇನೆಂದರೆ, ನಮ್ಮ ರೂಟರ್ ರೂಮಿಗೆ ಹಂಚಬೇಕಾದ ವಿಳಾಸಗಳನ್ನು ಗೋಡೆಯೊಳಗಿನಿಂದ ಇಡೀ ಫ್ಲೋರಿಗೆ ಹಂಚತೊಡಗಿತ್ತು. ಹೊಸದಾಗಿ ವಿಳಾಸ ಕೇಳಿದವರಿಗೆಲ್ಲ ಹಾಸ್ಟೆಲ್ಲಿನ ಸರ್ವರ್‌ಗಿಂತ ಮೊದಲು ಇದೇ ಉತ್ತರ ಕೊಟ್ಟು, "ಹೊರದಾರಿ ನನ್ನ ಕಡೆ" ಎಂದು ಸುಳ್ಳು ಹೇಳುತ್ತಿತ್ತು, ಇದರ ಹಿಂದೆ ದಾರಿಯೇ ಇರಲಿಲ್ಲ. ಮಹಡಿಯ ಸ್ವಿಚ್ಚಿನಲ್ಲಿ ಇದಕ್ಕೆ ತಡೆ ಹಾಕಬಹುದು, ಎಲ್ಲ ಕಡೆ ಹಾಕಿರುವುದಿಲ್ಲ. ಸರ್ ಬಂದು ಏನೂ ಅನ್ನಲಿಲ್ಲ, ವೈರ್ ಬದಲಿಸಿ ಹೋದರು. ಬೈದಿದ್ದರೇ ಚೆನ್ನಾಗಿತ್ತು. ಅಂದಿನಿಂದ ನಮ್ಮ LAN ತೂತುಗಳ ಮೇಲೆ ಇನ್ಸುಲೇಶನ್ ಟೇಪ್ ಇದೆ.

ಕೊಳ್ಳುವಾಗ

ಮನೆಯಲ್ಲಿ ಬಿದ್ದಿರುವ ಹಳೆಯ ಬ್ರಾಡ್‌ಬ್ಯಾಂಡ್ ಮೋಡೆಮ್ ತರುವ ಮೊದಲು ಅದರ ಹಿಂದೆ ನೋಡಿ. ಫೋನ್ ವೈರಿನ ಸಣ್ಣ ತೂತು ಮಾತ್ರ ಇದ್ದು, WAN ಎಂಬ ದೊಡ್ಡ ತೂತು ಇಲ್ಲದಿದ್ದರೆ ಈ ಕೆಲಸಕ್ಕೆ ಬಹುತೇಕ ಬರುವುದಿಲ್ಲ. ಹೊಸದಾದರೆ 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಇರುವುದು ತೆಗೆದುಕೊಳ್ಳಿ. ಆಂಟೆನಾ ನಾಲ್ಕಿದೆಯೋ ಆರಿದೆಯೋ ಅಂತ ಎಣಿಸಬೇಡಿ, ಒಂದು ರೂಮಿಗೆ ಎರಡಾದರೂ ಹೆಚ್ಚೇ.

ಜೋಡಿಸುವುದು

ಮೊದಲು ರೂಟರ್ ಬದಿಗಿಟ್ಟು, ಗೋಡೆಯ ವೈರ್ ಲ್ಯಾಪ್‌ಟಾಪಿಗೇ ಹಾಕಿ. ನೆಟ್ ಬರುತ್ತದೆಯೇ ನೋಡಿ, ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಇದನ್ನು ಹೊಡೆದು ಬಂದದ್ದರ ಫೋಟೊ ತೆಗೆದಿಟ್ಟುಕೊಳ್ಳಿ:

```
ipconfig /all
```

DHCP Enabled ಎದುರು Yes ಇದ್ದರೆ ರೂಟರ್‌ನಲ್ಲಿ Dynamic IP ಆರಿಸಬೇಕು. No ಇದ್ದು, ಕಾಲೇಜಿನವರು ಕೊಟ್ಟ ಅಂಕಿಗಳಿದ್ದರೆ Static IP ಆರಿಸಿ ಅವನ್ನೇ ತುಂಬಬೇಕು. ಪ್ರತಿ ಸಲ ಡಯಲ್ ಮಾಡಿ ಯೂಸರ್‌ನೇಮ್ ಕೊಡುವ ಪದ್ಧತಿ ಇದ್ದರೆ PPPoE. ಹಾಸ್ಟೆಲ್ಲುಗಳಲ್ಲಿ ಮೊದಲನೆಯದೇ ಹೆಚ್ಚು.

ಈಗ ವೈರ್ WANಗೆ ಹಾಕಿ, ರೂಟರ್ ತಳದ ಚೀಟಿಯಲ್ಲಿರುವ ವೈಫೈ ಹೆಸರು, ಪಾಸ್‌ವರ್ಡ್ ನೋಡಿ ಫೋನ್ ಜೋಡಿಸಿ. ಬ್ರೌಸರಿನಲ್ಲಿ 192.168.0.1 ಅಥವಾ 192.168.1.1 ತೆರೆದರೆ ರೂಟರ್‌ನ ಪುಟ ಬರುತ್ತದೆ, ಯಾವುದೆಂಬುದು ಅದೇ ಚೀಟಿಯಲ್ಲಿರುತ್ತದೆ.

ಇಲ್ಲೊಂದು ತೊಡಕು ಬರಬಹುದು. ನೀವು ತೆಗೆದ ಫೋಟೊದಲ್ಲಿ ಹಾಸ್ಟೆಲ್ ಕೊಟ್ಟ ವಿಳಾಸವೂ 192.168.1 ಎಂದೇ ಶುರುವಾಗಿದ್ದು, ರೂಟರ್ ಕೂಡ ಅದನ್ನೇ ಹಂಚುತ್ತಿದ್ದರೆ, ಒಳಗು ಹೊರಗಿನ ಗಡಿಯೇ ಅಳಿಸಿಹೋಗಿ ರೂಟರ್ ದಾರಿ ತಪ್ಪುತ್ತದೆ. LAN ಸೆಟ್ಟಿಂಗ್ಸ್‌ಗೆ ಹೋಗಿ ರೂಟರ್‌ನ ವಿಳಾಸ 192.168.50.1 ಮಾಡಿ. ನಮ್ಮದು ಈಗಲೂ ಅದೇ.

ಹಾಸ್ಟೆಲ್‌ನವರು ಲ್ಯಾಪ್‌ಟಾಪಿನ ಮ್ಯಾಕ್ ವಿಳಾಸ, ಅಂದರೆ ಕಾರ್ಖಾನೆಯಲ್ಲೇ ಕೊಟ್ಟ ಗುರುತಿನ ಸಂಖ್ಯೆ, ಬರೆದುಕೊಂಡಿದ್ದರೆ, ರೂಟರ್ ಹಾಕಿದ ಕೂಡಲೇ ನೆಟ್ ನಿಲ್ಲುತ್ತದೆ, ಹೊಸ ಮುಖ ಬಂತಲ್ಲ. ರೂಟರ್ ಚೀಟಿಯ ಮೇಲಿನ ಹನ್ನೆರಡು ಅಕ್ಷರದ ಮ್ಯಾಕ್ ವಿಳಾಸ ಕೊಟ್ಟು ನೋಂದಾಯಿಸಿಕೊಳ್ಳುವುದೇ ಸರಿ. ಮೆನುವಿನಲ್ಲಿರುವ MAC Clone ಒತ್ತಿ ಲ್ಯಾಪ್‌ಟಾಪಿನ ವಿಳಾಸವನ್ನೇ ರೂಟರಿಗೆ ತೊಡಿಸಬಹುದು ನಿಜ, ಅನುಮತಿ ಕೊಟ್ಟವರಿಗೆ ಅದನ್ನೂ ಹೇಳಿಯೇ ಮಾಡಿ. ಆಮೇಲೆ ಆ ಲ್ಯಾಪ್‌ಟಾಪನ್ನು ಇನ್ನೊಂದು ಪಾಯಿಂಟಿಗೆ ನೇರ ಹಾಕಬಾರದು, ಒಂದೇ ಮ್ಯಾಕ್ ಎರಡು ಕಡೆ ಕಂಡರೆ ಎರಡೂ ಎಡವುತ್ತವೆ.

ಲಾಗಿನ್ ಪುಟ ಇರುವ ಹಾಸ್ಟೆಲ್ ಆದರೆ ಯಾವುದಾದರೂ ಒಂದು ಸಾಧನದಿಂದ ಲಾಗಿನ್ ಆದರೆ ಸಾಕು, ರೂಮಿಗೆಲ್ಲ ತೆರೆಯುತ್ತದೆ. ಪುಟ ತಾನಾಗಿ ಬರದಿದ್ದರೆ http://neverssl.com ಹೊಡೆಯಿರಿ, ಲಾಗಿನ್‌ಗೆ ತಿರುಗಿಸುತ್ತದೆ. ಯೂಟ್ಯೂಬ್ ನೋಡಿ ರೂಟರ್‌ನಲ್ಲಿ ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ಗೆ 8.8.8.8 ಹಾಕಿದವರಿಗೆ ಈ ಪುಟ ಬರದೇ ಹೋಗಬಹುದು. ಅದನ್ನು ಆಟೋಗೆ ಬಿಡಿ.

ವೈಫೈ

ರೂಟರ್ ಪುಟದ ಅಡ್ಮಿನ್ ಪಾಸ್‌ವರ್ಡ್ ಮತ್ತು ವೈಫೈ ಪಾಸ್‌ವರ್ಡ್ ಎರಡನ್ನೂ ಬದಲಿಸಿ, ಎರಡೂ ಬೇರೆ ಇರಲಿ. ಭದ್ರತೆ WPA2 ಅಥವಾ WPA3, ಬಟನ್ ಒತ್ತಿ ಇಲ್ಲವೇ ಪಿನ್ ಕೊಟ್ಟು ಜೋಡಿಸುವ WPS ಬಂದ್. ನಾವು ಮೊದಲು ರೂಮ್ ನಂಬರೇ ಪಾಸ್‌ವರ್ಡ್ ಇಟ್ಟಿದ್ದೆವು, ಎರಡೇ ವಾರದಲ್ಲಿ ಒಳಗಿನ ಸಾಧನ ಹದಿನೇಳಾದವು.

ಇಎಸ್‌ಪಿ32 ಬೋರ್ಡು ವೈಫೈ ಹಿಡಿಯುತ್ತಿಲ್ಲ ಎಂದು ಕೋಡ್ ತಿದ್ದುತ್ತಾ ಕೂಡಬೇಡಿ. ಅದಕ್ಕೆ 5 ಗಿಗಾಹರ್ಟ್ಸ್ ಕಾಣುವುದೇ ಇಲ್ಲ. ಎರಡು ಬ್ಯಾಂಡಿಗೆ ಬೇರೆ ಬೇರೆ ಹೆಸರಿಟ್ಟು, ಬೋರ್ಡು, ಪ್ರಿಂಟರ್ 2.4ಕ್ಕೆ, ಲ್ಯಾಪ್‌ಟಾಪ್, ಫೋನ್ 5ಕ್ಕೆ ಹಾಕಿ. 2.4ರಲ್ಲಿ ಚಾನೆಲ್ 1, 6, 11ರಲ್ಲೊಂದು ಇಟ್ಟರೆ ಪಕ್ಕದ ರೂಮಿನ ರೂಟರ್ ಜೊತೆ ತಿಕ್ಕಾಟ ಕಡಿಮೆ, ಅಗಲ 20 ಮೆಗಾಹರ್ಟ್ಸ್ ಸಾಕು. ರೂಟರನ್ನು ಕಬ್ಬಿಣದ ಕಪಾಟಿನೊಳಗೆ ಇಡಬೇಡಿ.

ಗೋಡೆಯಲ್ಲಿ ಪಾಯಿಂಟೇ ಇಲ್ಲ, ಹಾಸ್ಟೆಲ್ ವೈಫೈ ಮಾತ್ರ ಇದೆ ಎಂದರೆ WISP ಮೋಡ್ ಇರುವ ರೂಟರ್ ನೋಡಿ. ಅದು ಆ ವೈಫೈಯನ್ನೇ ಹೊರಗಿನ ವೈರಿನಂತೆ ಹಿಡಿದು ಒಳಗೆ ಹಂಚುತ್ತದೆ. ವೇಗ ಒಂದಷ್ಟು ಹೋಗುತ್ತದೆ. Access Point ಮೋಡ್ ಹಾಕಬೇಡಿ, ಅದರಲ್ಲಿ ಅಗಸಿಯೇ ಇರುವುದಿಲ್ಲ, ಹನ್ನೊಂದೂ ಸಾಧನ ಹಾಸ್ಟೆಲ್ ಮುಂದೆ ಬೇರೆ ಬೇರೆಯಾಗಿ ನಿಲ್ಲುತ್ತವೆ.

ನಳ ಒಂದೇ, ಕೊಡ ಹನ್ನೊಂದು

ರೂಟರ್ ತಂದರೆ ವೇಗ ಹೆಚ್ಚುತ್ತದೆ ಎಂದುಕೊಂಡವರು ಬಹಳ. ನಳಕ್ಕೆ ಪೈಪು ಕಟ್ಟಿದರೆ ನೀರು ಹೆಚ್ಚುತ್ತದೆಯೇ? ನಮ್ಮ ಲಾಗಿನ್‌ಗೆ ಕೊಟ್ಟಿರುವುದು 20 ಎಂಬಿಪಿಎಸ್. ಅದು ಮೆಗಾಬಿಟ್, ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ ಎರಡೂವರೆ ಮೆಗಾಬೈಟ್. 3 ಜಿಬಿ ಫೈಲ್ ಒಬ್ಬನೇ ಇಳಿಸಿದರೂ ಇಪ್ಪತ್ತು ನಿಮಿಷ, ಆ ಹೊತ್ತಿನಲ್ಲಿ ಇನ್ನೊಬ್ಬನ ಆನ್‌ಲೈನ್ ಇಂಟರ್‌ವ್ಯೂ ಇದ್ದರೆ ಜಗಳ ಖಾತ್ರಿ.

ಎರಡು ಉಪಾಯ ನಮಗೆ ನಡೆದಿವೆ. ದೊಡ್ಡ ಡೌನ್‌ಲೋಡ್, ವಿಂಡೋಸ್ ಅಪ್‌ಡೇಟ್ ರಾತ್ರಿ ಹನ್ನೊಂದರ ಮೇಲೆ. ಇನ್ನೊಂದು, QoS ಅಥವಾ Bandwidth Control ಮೆನುವಿನಲ್ಲಿ ಒಟ್ಟು ಮಿತಿಯನ್ನು 20ರ ಬದಲು 18ಕ್ಕೆ ಇಡುವುದು. ವಿಚಿತ್ರ ಅನಿಸಬಹುದು, ಆದರೆ ಸಾಲು ಹಾಸ್ಟೆಲ್ ಕಡೆ ನಿಲ್ಲುವ ಬದಲು ನಮ್ಮ ರೂಟರ್‌ನಲ್ಲೇ ನಿಲ್ಲುತ್ತದೆ, ಆಗ ವಿಡಿಯೊ ಕಾಲಿಗೆ ಮೊದಲು ದಾರಿ ಬಿಡಲು ಅದಕ್ಕೆ ಬರುತ್ತದೆ.

ನೆಟ್ ಹೋದಾಗ

ರೂಟರ್ ಬಂದ್ ಮಾಡಿ ಚಾಲೂ ಮಾಡುವ ಮೊದಲು ಒಂದು ನಿಮಿಷ ತಡೆದು, ಇವನ್ನು ಸಾಲಾಗಿ ಹೊಡೆಯಿರಿ, ಮೊದಲ ಸಾಲಿನಲ್ಲಿ ನಿಮ್ಮ ರೂಟರ್‌ನ ವಿಳಾಸ ಹಾಕಿ:

```
ping 192.168.50.1
ping 8.8.8.8
ping google.com
```

ಮೊದಲನೆಯದೇ ಬರದಿದ್ದರೆ ತೊಂದರೆ ನಿಮ್ಮ ವೈಫೈಯದು. ಮೊದಲನೆಯದು ಬಂದು ಎರಡನೆಯದು ನಿಂತರೆ WAN ವೈರ್ ನೋಡಿ, ಲಾಗಿನ್ ಮುಗಿದಿದೆಯೇ ನೋಡಿ. ಎರಡು ಬಂದು ಮೂರನೆಯದು ನಿಂತರೆ ಡಿಎನ್‌ಎಸ್. ಪಿಂಗ್ ಅನ್ನೇ ತಡೆದಿರುವ ಹಾಸ್ಟೆಲ್‌ಗಳೂ ಇವೆ, ಆದ್ದರಿಂದ ನೆಟ್ ಚೆನ್ನಾಗಿದ್ದಾಗಲೇ ಒಮ್ಮೆ ಹೊಡೆದು ಏನು ಬರುತ್ತದೆ ಎಂದು ತಿಳಿದಿಟ್ಟುಕೊಳ್ಳಿ.

ಕರೆಂಟ್ ಹೋಗುತ್ತದೆ ಎಂದು ರೂಟರಿಗೆ ಸಣ್ಣ ಯುಪಿಎಸ್ ಕೊಳ್ಳುವವರು, ಫ್ಲೋರಿನ ಸ್ವಿಚ್ಚಿಗೆ ಬ್ಯಾಕಪ್ ಇದೆಯೇ ಎಂದು ಮೊದಲು ಕೇಳಿ. ಅದು ಸತ್ತರೆ ನಿಮ್ಮ ರೂಟರ್ ಲೈಟ್ ಮಿನುಗಿಸುತ್ತಾ ಕೂತಿರುತ್ತದೆ, ಅಷ್ಟೇ. ನಾವು ಕೊಂಡ ಮೇಲೆ ಕೇಳಿದವರು.

ಪ್ರಾಜೆಕ್ಟಿನವರಿಗೊಂದು ಮಾತು. ಮನೆಯಿಂದ ರೂಮಿನ ಬೋರ್ಡಿಗೆ ನೇರ ಕನೆಕ್ಟ್ ಆಗಲು ಹೋದರೆ ಆಗುವುದಿಲ್ಲ. ನಿಮ್ಮ ಅಗಸಿಯ ಆಚೆ ಹಾಸ್ಟೆಲ್ಲಿನದೂ ಒಂದು ಅಗಸಿ ಇರುತ್ತದೆ, ಪೋರ್ಟ್ ಫಾರ್ವರ್ಡಿಂಗ್ ಅದನ್ನು ದಾಟುವುದಿಲ್ಲ. ಬೋರ್ಡೇ ಹೊರಗಿನ ಎಂಕ್ಯೂಟಿಟಿ ಸರ್ವರ್‌ಗೆ ಹೋಗಿ ಕಾಯುವಂತೆ ಕೋಡ್ ಬರೆಯಿರಿ, ಒಳಗಿನಿಂದ ಹೊರಟ ಸಂಪರ್ಕಕ್ಕೆ ಸಾಮಾನ್ಯವಾಗಿ ತಡೆ ಇರುವುದಿಲ್ಲ. ಇದನ್ನು ವೈವಾಗೆ ಎರಡು ದಿನ ಮೊದಲಾದರೂ ಪರೀಕ್ಷಿಸಿ.

ರೂಮ್ ಬಿಡುವಾಗ ರೂಟರನ್ನು ಜೂನಿಯರ್‌ಗೆ ಕೊಡುವುದಿದ್ದರೆ, ರಿಸೆಟ್ ತೂತಿಗೆ ಪಿನ್ ಹಾಕಿ ಲೈಟ್ ಎಲ್ಲ ಮಿನುಗುವವರೆಗೆ, ಸುಮಾರು ಹತ್ತು ಸೆಕೆಂಡ್, ಒತ್ತಿ ಹಿಡಿಯಿರಿ. ಹಾಸ್ಟೆಲ್ ಆಫೀಸಿಗೆ ಹೋಗಿ ಅದರ ಮ್ಯಾಕ್ ವಿಳಾಸದಿಂದ ನಿಮ್ಮ ಹೆಸರನ್ನೂ ತೆಗೆಸಿ. ನಮ್ಮ ರೂಟರ್ ಈ ಜೂನ್‌ನಲ್ಲಿ ಕೆಳಗಿನ ಫ್ಲೋರಿಗೆ ಹೋಗುತ್ತದೆ, ಟೇಪ್ ಸಮೇತ.