ಪುಟ್ಟಿ, ಈ ಮನೆ ಗಿಡಗಳಿಗೆಲ್ಲ ಹೆಸರಿದೆ

ಪುಟ್ಟಿ,

ನಾಡಿದ್ದು ರಾತ್ರಿ ಬಸ್ಸಿಗೆ ನಾನು ಶಿರಸಿಗೆ ಹೊರಡುತ್ತೇನೆ. ಅಮ್ಮಮ್ಮನ ಮಂಡಿ ಆಪರೇಷನ್ ಆದಮೇಲೆ ಅವಳು ಕೋಲು ಬಿಟ್ಟು ಅಂಗಳಕ್ಕೆ ಇಳಿಯುವ ತನಕ ಅಲ್ಲೇ ಇರಬೇಕು, ಅಂದರೆ ಕಡಿಮೆಯೆಂದರೂ ನಲವತ್ತು ದಿನ. ಮನೆ ಕೀಲಿ ನಿನ್ನ ಹತ್ತಿರ ಇದೆ. ಗಿಡಗಳು ಕೂಡ ಇನ್ನು ನಿನ್ನವೇ.

"ದೊಡ್ಡಮ್ಮಾ, ಯಾವುದಕ್ಕೆ ಎಷ್ಟು ನೀರು ಅಂತ ಒಂದು ಪಟ್ಟಿ ಬರೆದುಕೊಡು" ಅಂದೆಯಲ್ಲ, ಬರೆಯೋಕೆ ಕೂತೆ. ಗಿಡ ಒಂದು, ಗಿಡ ಎರಡು ಅಂತ ಬರೆಯಲು ಕೈ ಬರಲಿಲ್ಲ. ನಾನು ದಿನಾ ಇವರನ್ನು ಹೆಸರು ಹಿಡಿದೇ ಕರೆಯುವುದು. ಆ ಹೆಸರುಗಳನ್ನೇ ಹೇಳುತ್ತೇನೆ. ಹೆಸರು ನೆನಪಿದ್ದರೆ ನೀರಿನ ಲೆಕ್ಕ ತಾನಾಗಿ ನೆನಪಿರುತ್ತದೆ, ನೋಡು ಬೇಕಾದರೆ. ಕುಂಡದ ಮೇಲೆಲ್ಲ ಚೀಟಿ ಅಂಟಿಸಿದ್ದೇನೆ.

ಬಾಗಿಲಿನಿಂದಲೇ ಶುರು ಮಾಡೋಣ. ಒಳಗೆ ಬರುತ್ತಿದ್ದ ಹಾಗೆ ಎಡಕ್ಕೊಬ್ಬ, ಬಲಕ್ಕೊಬ್ಬ ನಿಂತಿದ್ದಾರಲ್ಲ, ಕತ್ತಿ ಹಿರಿದ ಹಾಗೆ ನೆಟ್ಟಗಿರುವ ಸ್ನೇಕ್ ಪ್ಲಾಂಟ್‌ಗಳು, ಅವರು ಜಯ ಮತ್ತು ವಿಜಯ. ದೇವಸ್ಥಾನದ ಗರ್ಭಗುಡಿ ಬಾಗಿಲಲ್ಲಿ ನಿಲ್ಲುವ ದ್ವಾರಪಾಲಕರ ಹೆಸರು. ಕಾವಲುಗಾರರು ಊಟ ನಿದ್ದೆ ಕೇಳುವುದಿಲ್ಲ ಅಲ್ವಾ, ಇವರೂ ಹಾಗೇ. ಹಗಲು ಎಲೆಯ ಸಣ್ಣ ಸಣ್ಣ ರಂಧ್ರಗಳನ್ನು ಮುಚ್ಚಿಕೊಂಡಿದ್ದು, ತಂಪಾದ ರಾತ್ರಿ ಹೊತ್ತು ತೆರೆದು ಗಾಳಿ ತಗೊಳ್ಳುತ್ತಾರೆ. ಅದಕ್ಕೇ ಮೈಯೊಳಗಿನ ನೀರು ಅಷ್ಟು ಬೇಗ ಆರುವುದಿಲ್ಲ. ಈ ಮಳೆಗಾಲದಲ್ಲಿ ಇಪ್ಪತ್ತು ದಿನಕ್ಕೊಮ್ಮೆ ಒಂದು ಲೋಟ ಸಾಕು. ಮೊದಲಿದ್ದ ವಿಜಯನಿಗೆ ನಾನು ಪ್ರೀತಿಯಿಂದ ದಿನಾ ನೀರು ಹಾಕಿ ಬುಡ ಕೊಳೆಸಿಬಿಟ್ಟೆ. ಮುಟ್ಟಿದರೆ ಎಲೆ ಹಾಗೇ ಕೈಗೆ ಬಂತು. ಈಗಿರುವವನು ಜಯನ ಬುಡದಿಂದ ಒಡೆದ ಮರಿ, ಹಾಗಾಗಿ ಅಣ್ಣತಮ್ಮ ಅನ್ನುವುದಕ್ಕಿಂತ ಅಪ್ಪ ಮಗ ಅನ್ನಬೇಕೇನೋ. ಆದರೂ ಹೆಸರು ಬದಲಾಯಿಸಲಿಲ್ಲ.

ಹಾಲ್‌ನ ಮೂಲೆಯಲ್ಲಿರುವವಳು ಭಾಮೆ. ಪೀಸ್ ಲಿಲಿ. ಪಾರಿಜಾತದ ಹೂವು ರುಕ್ಮಿಣಿಗೆ ಹೋಯಿತು ಅಂತ ಮುನಿಸಿಕೊಂಡು ಮಲಗಿದಳಲ್ಲ ಸತ್ಯಭಾಮೆ, ಅವಳೇ ಇವಳು. ಇವಳನ್ನು ನೋಡಿ ಹೆದರಬೇಡ. ಒಂದು ದಿನ ನೀರು ತಪ್ಪಿದರೆ ಎಲೆಯೆಲ್ಲ ಜೋತುಬಿದ್ದು, ಕುಂಡದ ಸುತ್ತ ಸೆರಗು ಹಾಸಿದ ಹಾಗೆ ಮಲಗಿಬಿಡುತ್ತಾಳೆ. ಮೊದಲ ಸಲ ನೋಡಿದಾಗ ಸತ್ತೇಹೋಯಿತು ಅಂದುಕೊಂಡು ನಾನು ಅತ್ತಿದ್ದೆ. ಒಂದು ಚೆಂಬು ನೀರು ಹಾಕಿ ಅಡುಗೆ ಮುಗಿಸಿ ಬರುವಷ್ಟರಲ್ಲಿ ಎದ್ದು ಕೂತಿದ್ದಳು. ಎರಡು ಮೂರು ಗಂಟೆ ಅಷ್ಟೇ. ಆದರೆ ಅವಳು ಮುನಿಯುವ ತನಕ ಕಾಯುವುದು ಬೇಡ, ಪದೇ ಪದೇ ಹಾಗಾದರೆ ಎಲೆ ತುದಿ ಕಂದಾಗುತ್ತದೆ. ಎರಡು ದಿನಕ್ಕೊಮ್ಮೆ ಮಣ್ಣಿಗೆ ಬೆರಳು ಇಳಿಸಿ ನೋಡು, ಒಣಗಿದ್ದರೆ ಹಾಕು. ಅವಳ ಬಿಳಿ ಹೂವು ಅಂತ ನಾವು ಕರೆಯುವುದು ಹೂವಲ್ಲ, ಬಣ್ಣ ಬದಲಿಸಿದ ಒಂದು ಎಲೆ. ನಿಜವಾದ ಹೂಗಳು ಮಧ್ಯದ ಕಡ್ಡಿಯ ಮೇಲೆ ಚುಕ್ಕಿ ಚುಕ್ಕಿಯಾಗಿ ಇರುತ್ತವೆ.

ಅವಳ ಪಕ್ಕದ ಕಿಟಕಿಯಿಂದ ಹೊರಟು, ಪುಸ್ತಕದ ಕಪಾಟು ದಾಟಿ, ದೇವರ ಮನೆ ಬಾಗಿಲ ಹತ್ತಿರ ತಲೆ ಹಾಕಿರುವ ಮನಿ ಪ್ಲಾಂಟ್ ದಾಸಯ್ಯ. ಶಂಖ ಜಾಗಟೆ ಹಿಡಿದು ಮನೆಯಿಂದ ಮನೆಗೆ ಹೋಗುತ್ತಿದ್ದ ದಾಸಯ್ಯನ ಹಾಗೆ ಇವನು ಬಾಗಿಲಿಂದ ಬಾಗಿಲಿಗೆ ಹೋಗುತ್ತಾನೆ. ಹೋದ ಕಡೆ ಗೆಣ್ಣಿಗೊಂದು ಬೇರು ಬಿಡುತ್ತಾನೆ, ಎಲ್ಲಿ ಕತ್ತರಿಸಿ ನೀರಿಗೆ ಹಾಕಿದರೂ ಅಲ್ಲೇ ಬದುಕುತ್ತಾನೆ. ಕೆಳಗೆ ಇಳಿಬಿಟ್ಟರೆ ಎಲೆ ಸಣ್ಣದಾಗುತ್ತದೆ. ಗೋಡೆಗೋ ಕೋಲಿಗೋ ಹತ್ತಿಸಿದರೆ ಎಲೆ ಅಗಲವಾಗುತ್ತಾ ಹೋಗುತ್ತದೆ. ಊರಲ್ಲಿ ನಮ್ಮ ತೋಟದ ಮರಕ್ಕೆ ಹಬ್ಬಿದವನ ಎಲೆ ಊಟದ ತಟ್ಟೆಯಷ್ಟಿದೆ! ಆದ್ದರಿಂದ ಅವನ ದಾರಿಗೆ ಅಡ್ಡ ಬರಬೇಡ, ಕಪಾಟಿನ ಮೇಲಿನ ದಾರ ಬಿಚ್ಚಬೇಡ.

ಕಿಟಕಿ ಕೆಳಗೆ ಕೈ ಅಗಲ ಮಾಡಿಕೊಂಡು ಜಾಗವೆಲ್ಲ ತನ್ನದೇ ಅನ್ನುವಂತೆ ಕೂತಿರುವ ಮಾನ್ಸ್ಟೆರಾ ಜರಡಿ ಮಾವ. ಎಲೆ ತುಂಬ ತೂತು, ಅದಕ್ಕೆ ಜರಡಿ. ಮದುವೆ ಮನೆಯಲ್ಲಿ ಮಧ್ಯದ ಕುರ್ಚಿ ಹಿಡಿದು ಬಂದವರನ್ನೆಲ್ಲ ಮಾತಾಡಿಸುವ ಮಾವ ಇರುತ್ತಾರಲ್ಲ, ಹಾಗೆ. ಎಳೆ ಗಿಡದಲ್ಲಿ ತೂತು ಇರುವುದಿಲ್ಲ, ದೊಡ್ಡವರಾಗುತ್ತ ಬರುತ್ತದೆ. ಹೊಸ ಎಲೆ ಸುರುಳಿ ಸುತ್ತಿಕೊಂಡು ಹೊರಗೆ ಬರುತ್ತದೆ. ಎಳೆಯಬೇಡ, ತಾನಾಗಿ ಬಿಚ್ಚಿಕೊಳ್ಳಲಿ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಧೂಳು ಒರೆಸು.

ಇಲ್ಲೊಂದು ಮಾತು ಹೇಳಬೇಕು. ಭಾಮೆ, ದಾಸಯ್ಯ, ಜರಡಿ ಮಾವ, ಇನ್ನು ಮುಂದೆ ಬರುವ ಕುಂಭಕರ್ಣ, ಇವರೆಲ್ಲ ಒಂದೇ ಮನೆತನದವರು. ನಮ್ಮ ಕೆಸುವಿನ ಮನೆತನ. ಪತ್ರೊಡೆಗೆ ಹುಳಿ ಹಾಕದಿದ್ದರೆ ಗಂಟಲು ತುರಿಸುತ್ತದೆ ಅಂತ ಅಮ್ಮಮ್ಮ ಹೇಳುತ್ತಾಳಲ್ಲ, ಕೆಸುವಿನಲ್ಲಿರುವ ಆ ಸೂಜಿಯಂಥ ಹರಳುಗಳು ಇವರ ಮೈಯಲ್ಲೂ ಇವೆ. ಕತ್ತರಿಸಿದರೆ ಕೈ ತೊಳೆದುಕೋ. ಪಕ್ಕದ ಮನೆ ಮಗು ಬಂದಾಗ ಎಲೆ ಬಾಯಿಗೆ ಹಾಕದ ಹಾಗೆ ನೋಡಿಕೋ. ಇದನ್ನು ಮಾತ್ರ ಮರೆಯಬೇಡ.

ಕುಂಭಕರ್ಣ ಮಲಗುವ ಕೋಣೆಯಲ್ಲಿದ್ದಾನೆ, ಹೊಳೆಯುವ ದಪ್ಪ ಎಲೆಯ ಜ಼ೀಜ಼ೀ ಪ್ಲಾಂಟ್. ತಿಂಗಳುಗಟ್ಟಲೆ ಏನೂ ಮಾಡುವುದಿಲ್ಲ. ಬದುಕಿದ್ದಾನೋ ಇಲ್ಲವೋ ಅಂತ ಅನುಮಾನ ಬರುವಷ್ಟು ಸುಮ್ನೆ ಇರುತ್ತಾನೆ. ಆಮೇಲೆ ಒಂದು ದಿನ ಮಣ್ಣು ಸೀಳಿಕೊಂಡು ಹೆಬ್ಬೆರಳು ಗಾತ್ರದ ಕುಡಿ ಎದ್ದು, ಎರಡು ಮೂರು ವಾರದಲ್ಲಿ ಮೊಳಕಾಲುದ್ದ ಆಗಿಬಿಡುತ್ತದೆ. ಮಣ್ಣಿನಡಿ ಆಲೂಗಡ್ಡೆಯಂಥ ಗಡ್ಡೆಗಳಿವೆ, ಅದರಲ್ಲೇ ಅವನ ನೀರಿನ ಸಂಗ್ರಹ. ನಾನು ಹೋಗುವ ಮುಂಚೆ ಹಾಕಿರುತ್ತೇನೆ, ಬರುವ ತನಕ ನೀನು ಒಂದೇ ಸಲ ಹಾಕಿದರೆ ಆಯಿತು.

ಅದೇ ಕೋಣೆಯಲ್ಲಿ ಕಿಟಕಿಗೆ ಹತ್ತಿರ, ಪಿಟೀಲಿನ ಆಕಾರದ ಎಲೆ ಇರುವ ಎತ್ತರದ ಗಿಡವಿದೆ. ಅವರು ಅಳಿಯಂದಿರು. ಬಹುವಚನದಲ್ಲೇ ಮಾತಾಡಿಸಬೇಕು. ಮಣೆ ಹಾಕಿದ ಜಾಗದಲ್ಲಿ ಗೌರವದಿಂದ ಕೂರುತ್ತಾರೆ, ಮಣೆ ಸ್ವಲ್ಪ ಸರಿಸಿದರೂ ಬೇಜಾರು ಮಾಡಿಕೊಂಡು ಎಲೆ ಉದುರಿಸುತ್ತಾರೆ. ಕಳೆದ ದೀಪಾವಳಿಗೆ ಸುಣ್ಣ ಬಳಿಸಲು ಎರಡು ದಿನ ಆಚೆ ಇಟ್ಟಿದ್ದಕ್ಕೆ ಐದು ಎಲೆ ಹೋಯಿತು. ಆಲ, ಅರಳಿ, ಅತ್ತಿ ಇವೆಲ್ಲ ಇವರ ದಾಯಾದಿಗಳು, ಎಲೆ ಕಿತ್ತರೆ ಅದೇ ಥರ ಹಾಲು ಬರುತ್ತದೆ. ಅಂಥ ಗಟ್ಟಿ ಕುಲದವರು ಇಷ್ಟು ನಾಜೂಕು ಯಾಕೆ ಅಂತ ನನಗೆ ಆಶ್ಚರ್ಯ. ವಾರಕ್ಕೊಂದು ದಿನ, ಭಾನುವಾರ, ಅದೇ ಹೊತ್ತಿಗೆ, ಎರಡು ಲೋಟ. ಕುಂಡ ಸರಿಸಲೇಬೇಡ.

ಅಡುಗೆಮನೆ ಕಿಟಕಿಯಿಂದ ತೂಗುಬಿಟ್ಟಿರುವ ಸ್ಪೈಡರ್ ಪ್ಲಾಂಟ್ ಮಕ್ಕಳವ್ವ. ಉದ್ದುದ್ದ ಕಡ್ಡಿ ಬಿಟ್ಟು ಅದರ ತುದಿಗೊಂದೊಂದು ಮರಿ, ಮರಿಯ ಬುಡದಲ್ಲಿ ಆಗಲೇ ಬೇರು. ಮೊನ್ನೆ ಎಣಿಸಿದೆ, ಹದಿನೇಳು ಮಕ್ಕಳು. ಕೇಳಿದವರಿಗೆ ಕೊಡು, ಅವಳಿಗೆ ಅದೇ ಖುಷಿ. ಬೋರ್‌ವೆಲ್ ನೀರಿನ ಉಪ್ಪಿಗೆ ಅವಳ ಎಲೆ ತುದಿ ಒಣಗುತ್ತದೆ. ಬಾಲ್ಕನಿಯಲ್ಲಿ ಬಕೆಟ್ ಇಟ್ಟಿದ್ದೇನೆ, ಮಳೆ ನೀರು ಹಿಡಿದು ಅದನ್ನೇ ಹಾಕು.

ಭಜನೆ ಅಜ್ಜಿ ನನಗೆ ಎಲ್ಲರಿಗಿಂತ ಜಾಸ್ತಿ ಇಷ್ಟ. ದೇವರ ಮನೆ ಪಕ್ಕದ ಸ್ಟೂಲಿನ ಮೇಲಿದ್ದಾಳೆ, ಎಲೆಯ ಮೇಲೆ ಕೆಂಪು ಗೆರೆ ಇರುವ ಮರಾಂಟಾ. ಹಗಲೆಲ್ಲ ಎಲೆ ಅಂಗೈ ಹಾಗೆ ಬಿಚ್ಚಿಟ್ಟಿರುತ್ತಾಳೆ. ದೀಪ ಹಚ್ಚುವ ಹೊತ್ತಿಗೆ ಒಂದೊಂದೇ ಎಲೆ ಮೇಲೆದ್ದು, ಕತ್ತಲಾಗುವಷ್ಟರಲ್ಲಿ ಎಲ್ಲ ಕೈ ಮುಗಿದಿರುತ್ತವೆ. ಎಲೆ ತೊಟ್ಟಿನ ತುದಿಯಲ್ಲಿ ಸಣ್ಣದೊಂದು ಊದಿದ ಗೆಣ್ಣಿದೆ, ಅದರ ಒಂದು ಬದಿಯಿಂದ ಇನ್ನೊಂದು ಬದಿಗೆ ನೀರು ಸರಿದಾಗ ಎಲೆ ಏಳುತ್ತದೆ, ಇಳಿಯುತ್ತದೆ. ಅದು ಗೊತ್ತಾದಮೇಲೂ ನನಗೆ ಅವಳು ಭಜನೆ ಅಜ್ಜಿಯೇ. ದೊಡ್ಡಪ್ಪ ತೀರಿಹೋದ ವರ್ಷ ಸಂಜೆ ಹೊತ್ತು ಈ ಮನೆಯಲ್ಲಿ ಅಲುಗಾಡುವ ಇನ್ನೊಂದು ಜೀವ ಅಂದರೆ ಅವಳೊಬ್ಬಳೇ ಇದ್ದಳು. ಒಂದು ಸಂಜೆಯಾದರೂ ಅವಳ ಹತ್ತಿರ ಅರ್ಧ ಗಂಟೆ ಕೂತುಕೋ. ಬಿಸಿಲು ಬೀಳಬಾರದು, ಮಣ್ಣು ಪೂರ್ತಿ ಒಣಗಬಾರದು.

ಬಾಲ್ಕನಿಯಲ್ಲಿ ಕೆಲವರಿದ್ದಾರೆ. ಗಿಡ್ಡಕ್ಕೆ ದಪ್ಪಗೆ ಇರುವ ಜೇಡ್ ಗುಂಡ, ಹದಿನೈದು ದಿನಕ್ಕೊಮ್ಮೆ. ಲೋಳೆಸರ ಪಂಡಿತರು, ಕುಕ್ಕರ್ ಆವಿ ತಾಗಿದರೆ ಅವರ ಹತ್ತಿರ ಹೋಗು. ದೊಡ್ಡಪತ್ರೆಗೆ ಸೆರಗು ಅಂತ ಹೆಸರು. ಪಕ್ಕದಲ್ಲಿ ಹಾದುಹೋದರೆ ಸಾಕು, ಅಮ್ಮಮ್ಮನ ಸೆರಗಿಗಿರುವ ಅಡುಗೆಮನೆ ವಾಸನೆ. ಚಿವುಟಿದಷ್ಟೂ ಕವಲೊಡೆಯುತ್ತದೆ, ತಂಬ್ಳಿ ಮಾಡಿಕೋ, ಬಜ್ಜಿ ಮಾಡಿಕೋ. ತುಳಸಿಗೆ ನಾನೇನೂ ಹೆಸರಿಟ್ಟಿಲ್ಲ. ನಾನು ಹುಟ್ಟುವ ಮುಂಚೆಯೇ ಅವಳು ತುಳಸಮ್ಮ.

ಕೊನೆಗೆ ಬಾಲ್ಕನಿಯ ಆ ತುದಿಯಲ್ಲಿ, ಗ್ರಿಲ್ಲಿಗೆ ಒರಗಿಕೊಂಡು, ಅಂಕುಡೊಂಕಾಗಿ ನೋಡಲು ಏನೂ ಚೆಂದವಿಲ್ಲದ ಒಂದು ಗಿಡವಿದೆ. ಅದು ಮೇಳ. ಮನೆಗಳಲ್ಲಿ ನಾವು ಬ್ರಹ್ಮಕಮಲ ಅನ್ನುವುದು ಇದಕ್ಕೇ. ಹಿಮಾಲಯದ ಬ್ರಹ್ಮಕಮಲ ಬೇರೆ ಗಿಡ, ಇದು ಕಳ್ಳಿ ಜಾತಿ, ಎಲೆಯ ಹಾಗೆ ಕಾಣುವುದು ಚಪ್ಪಟೆ ಕಾಂಡ. ಯಕ್ಷಗಾನ ಮೇಳ ಹಗಲು ಪೆಟ್ಟಿಗೆ ಕಟ್ಟಿಟ್ಟುಕೊಂಡು ಸುಮ್ಮನಿದ್ದು, ಕತ್ತಲಾದಮೇಲೆ ಬಣ್ಣ ಹಚ್ಚಿ ಕಿರೀಟ ಕಟ್ಟಿ ಬಂದು, ಬೆಳಗಾಗುವಾಗ ಮಂಗಳ ಹಾಡುತ್ತದಲ್ಲ, ಇದೂ ಹಾಗೇ ಮಾಡುತ್ತದೆ. ರಾತ್ರಿ ಒಂಬತ್ತರ ಸುಮಾರಿಗೆ ಅರಳಲು ಶುರುವಾಗಿ, ನಡುರಾತ್ರಿಗೆ ಪೂರ್ತಿ ಬಿರಿದು, ಬೆಳಗ್ಗೆ ನೋಡಿದರೆ ಜೋತುಬಿದ್ದಿರುತ್ತದೆ. ಈಗ ಮೂರು ಮೊಗ್ಗಿದೆ. ಮೊಗ್ಗಿನ ಕತ್ತು ಮೇಲಕ್ಕೆ ಬಾಗಿ, ಹೊಟ್ಟೆ ಉಬ್ಬಿ, ತುದಿ ಬಿಳಿಯಾದ ದಿನ ಸಂಜೆ ಎಲ್ಲಿಗೂ ಹೋಗಬೇಡ. ಎದುರು ಮನೆಯವರನ್ನು ಕರೆ, ಹೋದ ಸಲ ನಿದ್ದೆ ಹೋಗಿ ತಪ್ಪಿಸಿಕೊಂಡರು ಪಾಪ.

ಆಮೇಲೆ ನನಗೆ ವಿಡಿಯೋ ಕಾಲ್ ಮಾಡು. ಹನ್ನೆರಡಾದರೂ ಪರವಾಗಿಲ್ಲ, ಒಂದಾದರೂ ಪರವಾಗಿಲ್ಲ. ಮಂಡಿ ನೋವಿಗೆ ಅಮ್ಮಮ್ಮನಿಗೆ ಹೇಗೂ ಆ ಹೊತ್ತಿಗೆ ನಿದ್ದೆ ಇರುವುದಿಲ್ಲ, ಅವಳಿಗೂ ತೋರಿಸುತ್ತೇನೆ.

ನಿನ್ನ ದೊಡ್ಡಮ್ಮ